ಈಗ 15.73 ಲಕ್ಷವೋ, ತಿಂಗಳಿಗೆ 16,000ವೋ: ನನ್ನ ಕಮ್ಯುಟೇಶನ್ ಲೆಕ್ಕ

ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾಗುವವರು ಪಿಂಚಣಿ ಅರ್ಜಿಯಲ್ಲಿ ಒಂದು ಪ್ರಶ್ನೆಗೆ ಉತ್ತರ ಬರೆಯಬೇಕು. ಪಿಂಚಣಿಯಲ್ಲಿ ಎಷ್ಟು ಭಾಗವನ್ನು ಕಮ್ಯುಟ್ ಮಾಡ್ತೀರಿ? ಅಂದ್ರೆ, ತಿಂಗಳು ತಿಂಗಳು ಬರುವ ಹಣದಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟು, ಅದರ ಬದಲಿಗೆ ಒಂದೇ ಸಲ ಇಡಿಗಂಟು ತಗೊಳ್ತೀರಾ ಅಂತ. ಗರಿಷ್ಠ 40% ತನಕ ಬಿಡಬಹುದು. ಹಾಗೆ ಬಿಟ್ಟ ಪಾಲು 15 ವರ್ಷ ಆದಮೇಲೆ ಮತ್ತೆ ಪಿಂಚಣಿಗೆ ಸೇರುತ್ತದೆ.

ನಾನು ಅಂಚೆ ಇಲಾಖೆಯಲ್ಲಿದ್ದವನು. 2004ಕ್ಕಿಂತ ಮುಂಚೆ ಸೇರಿದ್ದರಿಂದ ಹಳೆ ಪಿಂಚಣಿ. 2025ರಲ್ಲಿ 60 ತುಂಬಿ ನಿವೃತ್ತನಾದೆ. ನಮ್ಮ ಆಫೀಸಿನಲ್ಲಿ ಬಹುತೇಕ ಎಲ್ಲರೂ ಕಣ್ಣುಮುಚ್ಚಿ 40% ಅಂತ ಬರೆದುಬಿಡುತ್ತಾರೆ. ಬರೆದ ಮೇಲೆ ಹತ್ತು ವರ್ಷ ಅದನ್ನೇ ಬೈಯುತ್ತಾರೆ. ಹಾಗಾಗಿ ಬರೆಯುವ ಮುಂಚೆಯೇ ಪೂರ್ತಿ ಲೆಕ್ಕ ಮಾಡಿ ನೋಡೋಣ ಅಂತ ಕೂತೆ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಓದಲು ಸುಲಭವಾಗಲಿ ಅಂತ ನನ್ನ ಮೂಲ ಪಿಂಚಣಿಯನ್ನು ದುಂಡಗೆ 40,000 ರೂಪಾಯಿ ಅಂತ ಇಟ್ಟುಕೊಂಡಿದ್ದೇನೆ.

40,000ದ 40% ಅಂದ್ರೆ 16,000. ತಿಂಗಳಿಗೆ ಇಷ್ಟು ಬಿಟ್ಟರೆ ಕೈಗೆ ಎಷ್ಟು ಬರುತ್ತದೆ ಅನ್ನುವುದಕ್ಕೆ ಸರ್ಕಾರದ್ದೇ ಒಂದು ಕೋಷ್ಟಕ ಇದೆ. ಮುಂದಿನ ಹುಟ್ಟುಹಬ್ಬಕ್ಕೆ ಎಷ್ಟು ವಯಸ್ಸು ಆಗುತ್ತದೋ ಅದಕ್ಕೆ ತಕ್ಕ ಒಂದು ಗುಣಕ. 60ಕ್ಕೆ ನಿವೃತ್ತರಾಗುವವರಿಗೆ 61ರ ಗುಣಕ, ಅದು 8.194. ಲೆಕ್ಕ ಹೀಗೆ: 16,000 × 12 × 8.194. ಬರುವುದು 15,73,248 ರೂಪಾಯಿ.

ಈಗ ಎದುರು ಬದಿಗೆ ಬನ್ನಿ. ತಿಂಗಳಿಗೆ 16,000 ಅಂದ್ರೆ 15 ವರ್ಷಕ್ಕೆ 180 ತಿಂಗಳು, ಒಟ್ಟು 28,80,000. ಇದನ್ನು ನೋಡಿದ ತಕ್ಷಣ ಎದೆ ಧಸಕ್ಕೆನ್ನುತ್ತದೆ. 15.73 ಲಕ್ಷ ತಗೊಂಡು 28.8 ಲಕ್ಷ ಕೊಡುವುದಾ?

ನನಗಿಂತ ಮುಂಚೆ ನಿವೃತ್ತರಾದ ಸಹೋದ್ಯೋಗಿಯೊಬ್ಬರು ಇದನ್ನೇ ಬಲವಾಗಿ ವಾದಿಸಿದರು. "ನೋಡಪ್ಪಾ, 15.73 ಲಕ್ಷವನ್ನು 16 ಸಾವಿರದಿಂದ ಭಾಗಿಸು. 98 ತಿಂಗಳು ಬರುತ್ತೆ. ಎಂಟು ವರ್ಷ ಎರಡು ತಿಂಗಳಿಗೆ ಅವರ ದುಡ್ಡು ಅವರಿಗೆ ವಾಪಸ್ ಹೋಯ್ತು. ಆಮೇಲಿನ ಏಳು ವರ್ಷ ನಮ್ಮಿಂದ ಸುಮ್ನೆ ಕಿತ್ಕೊಳ್ತಾರೆ." ಪಿಂಚಣಿದಾರರ ನಡುವೆ ಈ ಮಾತು ತುಂಬಾ ಓಡಾಡುತ್ತದೆ. ಭಾಗಾಕಾರ ಸರಿಯಾಗಿದೆ. ಆದರೆ ಆ ಭಾಗಾಕಾರದಲ್ಲಿ ಇವತ್ತಿನ ರೂಪಾಯಿಯನ್ನೂ 2040ರ ರೂಪಾಯಿಯನ್ನೂ ಒಂದೇ ಅಂತ ಎಣಿಸಿದ್ದಾರೆ. ತಪ್ಪು ಇರುವುದು ಅಲ್ಲಿ.

ಅವರಿಗೆ ನಾನು ಕೇಳಿದ್ದು ಇಷ್ಟೇ. "ಸರ್, ನಾನು ನಿಮ್ಮಿಂದ 15.73 ಲಕ್ಷ ಇಸ್ಕೊಂಡು, ಎಂಟು ವರ್ಷ ತಿಂಗಳಿಗೆ 16 ಸಾವಿರದ ಹಾಗೆ ಕೊಟ್ಟು, ಅಸಲು ತೀರಿತು ನಮಸ್ಕಾರ ಅಂದ್ರೆ ಒಪ್ತೀರಾ?" ಅವರು ತಕ್ಷಣ "ಬಡ್ಡಿ ಎಲ್ಲಿ ಹೋಯ್ತು?" ಅಂದರು. ಅದೇ ಪ್ರಶ್ನೆಯನ್ನು ಸರ್ಕಾರದ ಕಡೆಯಿಂದಲೂ ಕೇಳಬೇಕಲ್ವಾ?

ಮುಂದೆ ಬರುವ ಹಣದ ಬೆಲೆ ಇವತ್ತಿಗೆ ಕಡಿಮೆ ಯಾಕೆ ಅನ್ನುವುದಕ್ಕೆ ಜನ ಮೊದಲು ಕೊಡುವ ಕಾರಣ ಬೆಲೆ ಏರಿಕೆ. ಅದು ಒಂದು ಕಾರಣ ಹೌದು. ಆದರೆ ಬೆಲೆಗಳು ಒಂದು ಪೈಸೆಯೂ ಏರದ ಊರಿನಲ್ಲೂ ಮುಂದಿನ ಹಣದ ಬೆಲೆ ಕಡಿಮೆಯೇ. ಯಾಕಂದ್ರೆ ಇವತ್ತು ಕೈಯಲ್ಲಿರುವ ಹಣವನ್ನು ಎಲ್ಲಾದರೂ ಇಟ್ಟು ಬೆಳೆಸಬಹುದು. ನಾಳೆ ಬರುವ ಹಣಕ್ಕೆ ಇವತ್ತು ಆ ಅವಕಾಶ ಇಲ್ಲ. ನನ್ನ ಮಟ್ಟಿಗೆ ಆ "ಎಲ್ಲಾದರೂ" ಅಂದರೆ ಹಿರಿಯ ನಾಗರಿಕರ ಉಳಿತಾಯ ಯೋಜನೆ. ಕೌಂಟರಿನ ಆ ಬದಿಯಲ್ಲಿ ಕೂತು ಎಷ್ಟೋ ಜನರಿಗೆ ಆ ಖಾತೆ ತೆರೆದುಕೊಟ್ಟಿದ್ದೇನೆ. 2025ರಲ್ಲಿ ಅದರ ಬಡ್ಡಿ 8.2%. ಒಬ್ಬರು 30 ಲಕ್ಷದ ತನಕ ಇಡಬಹುದು. ಸರ್ಕಾರದ ಯೋಜನೆ, ಅಸಲಿಗೆ ಭಯವಿಲ್ಲ. ಹಾಗಾಗಿ ನನ್ನ ಲೆಕ್ಕದ ದರ 8.2% ಅಂತ ನಿರ್ಧರಿಸಿದೆ. ಇದಕ್ಕೆ ವಟಾವಣೆ ದರ ಅಂತ ಹೆಸರು, ಇಂಗ್ಲಿಷಿನ ರೂಢಿಯಲ್ಲಿ ಡಿಸ್ಕೌಂಟ್ ರೇಟ್. ನಾನು ಸುಮ್ಮನೆ ದರ ಅಂತಲೇ ಕರೆಯುತ್ತೇನೆ.

ಈಗ 15 ವರ್ಷ ಆದಮೇಲಿನ ಕೊನೆಯ ಕಂತನ್ನು ತಗೊಳ್ಳಿ. ಅವತ್ತು ನಾನು ಬಿಟ್ಟುಕೊಡುವ 16,000 ಇವತ್ತಿನ ಎಷ್ಟು ರೂಪಾಯಿಗೆ ಸಮ? ಇವತ್ತು ಎಷ್ಟು ಹಣ ಇಟ್ಟರೆ ಅದು ತಿಂಗಳಿಗೊಮ್ಮೆ ಬಡ್ಡಿ ಸೇರುತ್ತಾ ಅವತ್ತಿಗೆ 16,000 ಆಗುತ್ತದೋ ಅಷ್ಟಕ್ಕೆ. 8.2%ಗೆ ಅದು 4,696 ರೂಪಾಯಿ. ಅಂದರೆ 2040ರ ಆ 16,000ದ ಭಾರ ಇವತ್ತು ನನ್ನ ಮೇಲೆ ಬರೀ 4,696. ಹತ್ತು ವರ್ಷದ ನಂತರದ ಕಂತಿನ ಇವತ್ತಿನ ಬೆಲೆ 7,067. ಐದು ವರ್ಷದ್ದು 10,633. ಒಂದು ವರ್ಷದ್ದು 14,744. ಕಂತು ದೂರ ಹೋದಷ್ಟೂ ಕರಗುತ್ತಾ ಹೋಗುತ್ತದೆ. ಮೊದಮೊದಲ ಕಂತುಗಳೇ ಭಾರ, ಕೊನೆಯವು ಹಗುರ. ನನ್ನ ಸಹೋದ್ಯೋಗಿ ಅಷ್ಟು ಬೇಸರ ಪಡುವ "ಕೊನೆಯ ಏಳು ವರ್ಷ" ಇರುವುದು ಈ ಹಗುರವಾದ ತುದಿಯಲ್ಲೇ.

ಹೀಗೆ 180 ಕಂತುಗಳಲ್ಲಿ ಒಂದೊಂದನ್ನೂ ಇವತ್ತಿನ ಬೆಲೆಗೆ ಇಳಿಸಿ ಕೂಡಿಸಬೇಕು. ಕೈಯಲ್ಲಿ ಮಾಡುವ ಕೆಲಸ ಅಲ್ಲ. ಎಕ್ಸೆಲ್‌ನಲ್ಲಿ ಒಂದೇ ಸಾಲು ಸಾಕು:

```
=PV(8.2%/12,180,-16000)
```

ಉತ್ತರ 16,54,202. ಅಂದರೆ ನಾನು ಬಿಟ್ಟುಕೊಡುವುದರ ಇವತ್ತಿನ ಬೆಲೆ 28.8 ಲಕ್ಷ ಅಲ್ಲ, 16.54 ಲಕ್ಷ. ನನಗೆ ಸಿಗುವುದು 15.73 ಲಕ್ಷ. ಸಿಗುವುದರಲ್ಲಿ ಕೊಡುವುದನ್ನು ಕಳೆದರೆ ಸುಮಾರು 81,000 ಕಮ್ಮಿ. ಈ ಕಳೆದು ಉಳಿದ ಸಂಖ್ಯೆಗೇ ನಿವ್ವಳ ಇಂದಿನ ಮೌಲ್ಯ ಅನ್ನುವುದು. ಎನ್‌ಪಿವಿ ಅಂತ ಎಲ್ಲರೂ ಹೇಳುವುದು ಇದನ್ನೇ. ಅದು ಸೊನ್ನೆಗಿಂತ ಮೇಲಿದ್ದರೆ ವ್ಯವಹಾರ ನನಗೆ ಲಾಭ, ಕೆಳಗಿದ್ದರೆ ನಷ್ಟ. ಇಲ್ಲಿ 81,000 ನಷ್ಟ. 28.8 ಲಕ್ಷದಿಂದ 15.73 ಲಕ್ಷ ಕಳೆದರೆ ಕಾಣುವ 13 ಲಕ್ಷದ ನಷ್ಟ ಎಲ್ಲಿ, ಈ 81,000 ಎಲ್ಲಿ!

ಎಂಟು ವರ್ಷ ಎರಡು ತಿಂಗಳ ಮಾತನ್ನೂ ಇದೇ ದರದಲ್ಲಿ ಮತ್ತೆ ನೋಡಿದೆ. ಕಂತುಗಳನ್ನು ಇವತ್ತಿನ ಬೆಲೆಗೆ ಇಳಿಸಿ ಕೂಡಿಸುತ್ತಾ ಹೋದರೆ 15.73 ಲಕ್ಷ ಭರ್ತಿಯಾಗುವುದು 13 ವರ್ಷ 8 ತಿಂಗಳ ಹೊತ್ತಿಗೆ. ಬಡ್ಡಿಯನ್ನು ಲೆಕ್ಕಕ್ಕೆ ಹಿಡಿದರೆ ಜಾಸ್ತಿ ಕಟ್ಟುವುದು ಏಳು ವರ್ಷ ಅಲ್ಲ, ಒಂದು ವರ್ಷ ನಾಲ್ಕು ತಿಂಗಳು. ಅವಧಿಯನ್ನು 15ರಿಂದ 12 ವರ್ಷಕ್ಕೆ ಇಳಿಸಿ ಅಂತ ಸಂಘಟನೆಗಳು ಕೇಳುತ್ತಿವೆ. ಇಳಿಸಿದರೆ ನನಗೂ ಸಂತೋಷವೇ. ಆದರೆ ಆ ಬೇಡಿಕೆಗೆ ಎಂಟು ವರ್ಷದ ಭಾಗಾಕಾರವನ್ನು ಆಧಾರ ಮಾಡಿಕೊಂಡರೆ ವಾದ ನಿಲ್ಲುವುದಿಲ್ಲ.

ಈ ವ್ಯವಹಾರದ ಒಳಗೇ ಅಡಗಿರುವ ಬಡ್ಡಿ ಎಷ್ಟು ಅಂತಲೂ ತಿಳಿಯಬಹುದು. ಯಾವ ದರಕ್ಕೆ ಎರಡೂ ಬದಿ ಸರಿಸಮ ಆಗುತ್ತದೋ ಅದು:

```
=RATE(180,-16000,1573248)*12
```

9.05% ಬಂತು. ಇದನ್ನು ನಾನು ಹೀಗೆ ಓದಿಕೊಂಡೆ: ಸರ್ಕಾರ ನನಗೆ 9.05%ಗೆ 15 ವರ್ಷದ ಸಾಲ ಕೊಡುತ್ತಿದೆ. ಆ ಹಣದಿಂದ ನಾನು 9.05%ಗಿಂತ ಜಾಸ್ತಿ ದುಡಿಸಬಲ್ಲೆನಾದರೆ ತಗೊಳ್ಳಬೇಕು, ಇಲ್ಲವಾದರೆ ಬೇಡ. ದರ 10% ಅಂತ ಹಾಕಿ ನೋಡಿದರೆ ನಿವ್ವಳ ಮೌಲ್ಯ ಸುಮಾರು 84,000 ಲಾಭಕ್ಕೆ ತಿರುಗುತ್ತದೆ. 7% ಹಾಕಿದರೆ 2 ಲಕ್ಷಕ್ಕೂ ಮೇಲೆ ನಷ್ಟ. ಅದೇ ಹಣ, ಅದೇ ಕಂತು. ದರ ಎರಡು ಪಾಯಿಂಟ್ ಆಚೀಚೆ ಆದರೆ ಉತ್ತರವೇ ಉಲ್ಟಾ. ಆದ್ದರಿಂದ ಯಾರಾದರೂ ಎನ್‌ಪಿವಿ ಲೆಕ್ಕ ತಂದು ತೋರಿಸಿದರೆ ನಾನು ಮೊದಲು ನೋಡುವುದು ಅವರು ಯಾವ ದರ ಹಾಕಿದ್ದಾರೆ, ಯಾಕೆ ಹಾಕಿದ್ದಾರೆ ಅನ್ನುವುದನ್ನು.

ದರದ ವಿಚಾರದಲ್ಲಿ ಮನೆಯಲ್ಲೇ ಒಂದು ಒಳ್ಳೆ ಚರ್ಚೆ ಆಯಿತು. ನಮ್ಮದೊಂದು ಸೊಸೈಟಿ ಸಾಲ ಇತ್ತು. 12% ಬಡ್ಡಿ, 6 ಲಕ್ಷ ಬಾಕಿ, ಇನ್ನೂ ಐದು ವರ್ಷದ ಕಂತು. ನನ್ನ ಭಾವಮೈದ ಹೇಳಿದ, "ಭಾವಾ, ಕಮ್ಯುಟೇಶನ್ ದುಡ್ಡಲ್ಲಿ ಆ ಸಾಲ ತೀರಿಸಿ. 12% ಉಳಿಯುತ್ತೆ, ಸರ್ಕಾರಕ್ಕೆ ಕೊಡೋದು 9%. ಮೂರು ಪರ್ಸೆಂಟ್ ಲಾಭ." ಕೇಳಲು ಸರಿ ಅನ್ನಿಸುತ್ತದೆ. ಆದರೆ ಇದರಲ್ಲಿ ಎರಡು ತೊಡಕಿದೆ.

ಮೊದಲನೆಯದು, ಆ 12% ಉಳಿತಾಯ ಐದೇ ವರ್ಷದ್ದು. ಸಾಲ ಹೇಗೂ ಐದು ವರ್ಷಕ್ಕೆ ಮುಗಿಯುತ್ತಿತ್ತು. ಆಮೇಲಿನ ಹತ್ತು ವರ್ಷ ನನ್ನ ಹಣ ಮತ್ತೆ ಠೇವಣಿಯ ದರದಲ್ಲೇ ದುಡಿಯಬೇಕು. ಹಾಗಾಗಿ 15 ವರ್ಷಕ್ಕೂ 12% ಹಾಕುವುದು ತಪ್ಪು. ಸರಿಯಾದ ದಾರಿ ಅಂದರೆ ಉಳಿಯುವ ಕಂತುಗಳನ್ನೇ 8.2%ಗೆ ಇವತ್ತಿನ ಬೆಲೆಗೆ ಇಳಿಸುವುದು. ಕಂತು ತಿಂಗಳಿಗೆ 13,347. ಅಂಥ 60 ಕಂತುಗಳ ಇವತ್ತಿನ ಬೆಲೆ ಸುಮಾರು 6.55 ಲಕ್ಷ. 6 ಲಕ್ಷ ಕೊಟ್ಟು ಅದನ್ನು ತಪ್ಪಿಸಿಕೊಂಡರೆ ಲಾಭ 55,000. ಅದನ್ನು 81,000ದ ನಷ್ಟಕ್ಕೆ ಹೊಂದಿಸಿದರೂ ಇನ್ನೂ 26,000 ಕೊರತೆ ಉಳಿಯುತ್ತದೆ.

ಎರಡನೆಯದು ಇನ್ನೂ ಮುಖ್ಯ. ಇದನ್ನು ಹಿಡಿದದ್ದು ನನ್ನ ಹೆಂಡತಿ. "ರೀ, ಗ್ರಾಚ್ಯುಟಿ ಬರುತ್ತಲ್ಲ, ಅದರಲ್ಲೇ ಸಾಲ ತೀರಿಸಬಹುದಲ್ವಾ? ಆ 55 ಸಾವಿರ ಉಳಿಸೋಕೆ ಕಮ್ಯುಟೇಶನ್ ಯಾಕೆ ಬೇಕು?" ಎಷ್ಟು ಸರಿಯಾದ ಮಾತು! ಕಮ್ಯುಟೇಶನ್ ತಗೊಂಡರೂ ತಗೊಳ್ಳದಿದ್ದರೂ ಆ ಸಾಲ ಗ್ರಾಚ್ಯುಟಿಯಿಂದ ತೀರುತ್ತದೆ. ಹಾಗಿದ್ದ ಮೇಲೆ ಸಾಲ ತೀರಿದ ಲಾಭವನ್ನು ಕಮ್ಯುಟೇಶನ್ ಖಾತೆಗೆ ಬರೆಯುವಂತಿಲ್ಲ. ಈ ನಿರ್ಧಾರದಿಂದ ಮಾತ್ರ ಏನು ಬದಲಾಗುತ್ತದೋ ಅದಷ್ಟೇ ಲೆಕ್ಕಕ್ಕೆ ಬರಬೇಕು. ಉಳಿದದ್ದು ಎರಡೂ ಬದಿಯಲ್ಲಿ ಇರುತ್ತದೆ, ಕಳೆದುಹೋಗುತ್ತದೆ. ಸಾಲವನ್ನು ಪಕ್ಕಕ್ಕಿಟ್ಟೆವು. ದರ ಮತ್ತೆ 8.2%ಗೇ ಬಂತು, ನಷ್ಟ ಮತ್ತೆ 81,000ಕ್ಕೆ.

ಬೆಲೆ ಏರಿಕೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ಹೆಚ್ಚಿನ ಲೆಕ್ಕಗಳು ಕೆಡುವುದು ಇಲ್ಲೇ. ಬೆಲೆ ಏರಿಕೆಗೆ ತಕ್ಕಂತೆ ಪಿಂಚಣಿಯ ಜೊತೆ ಕೊಡುವ ತುಟ್ಟಿ ಪರಿಹಾರ, ಅಂದರೆ ಡಿಆರ್, ವರ್ಷಕ್ಕೆ ಎರಡು ಸಲ ಏರುತ್ತದೆ. ಹಾಗಾದರೆ ನಾನು ಬಿಟ್ಟುಕೊಟ್ಟ 16,000ಕ್ಕೂ ಡಿಆರ್ ಹೋಯಿತಾ? ಇಲ್ಲ. ಕಮ್ಯುಟ್ ಮಾಡಿದ ಮೇಲೂ ಡಿಆರ್ ಲೆಕ್ಕ ಹಾಕುವುದು ಪೂರ್ತಿ 40,000ದ ಮೇಲೇ, ಉಳಿದ 24,000ದ ಮೇಲೆ ಅಲ್ಲ. ಪ್ರತಿ ತಿಂಗಳು ಕಡಿತವಾಗುವುದು ಬರೀ 16,000. ಇವತ್ತೂ ಅಷ್ಟೇ, 2040ರಲ್ಲೂ ಅಷ್ಟೇ. ಬೆಲೆಗಳು ಏರುತ್ತಾ ಹೋದ ಹಾಗೆ ಆ 16,000ದ ನೋವು ಕಮ್ಮಿಯಾಗುತ್ತದೆ, ಪಿಂಚಣಿ ಮಾತ್ರ ಡಿಆರ್ ಸೇರಿ ಬೆಳೆಯುತ್ತದೆ. ಕಮ್ಯುಟೇಶನ್ ಮಾಡಿಸಿದರೆ ಡಿಆರ್ ಹೋಗುತ್ತೆ ಅಂತ ಹೆದರಿ 10% ಮಾತ್ರ ಬರೆದವರನ್ನು ನೋಡಿದ್ದೇನೆ. ಆ ಹೆದರಿಕೆಗೆ ಆಧಾರವಿಲ್ಲ.

ಇದೇ ಕಾರಣಕ್ಕೆ ದರದಲ್ಲಿ ಬೆಲೆ ಏರಿಕೆಯನ್ನು ಕಳೆಯಬಾರದು. ಲೆಕ್ಕ ಬಲ್ಲ ಪರಿಚಿತರೊಬ್ಬರು ಒಂದು ಹಾಳೆ ಕಳಿಸಿದ್ದರು. 8.2%ರಲ್ಲಿ ಬೆಲೆ ಏರಿಕೆ 5.2% ಕಳೆದು, "ನಿಜವಾದ ದರ 3%" ಅಂತ ಹಾಕಿ, 16,000ದ ಕಂತುಗಳನ್ನು ಹಾಗೇ ಇಟ್ಟಿದ್ದರು. ಬಿಟ್ಟುಕೊಡುವುದರ ಬೆಲೆ 23 ಲಕ್ಷ ದಾಟಿ, 7.4 ಲಕ್ಷ ನಷ್ಟ ಅಂತ ಬಂದಿತ್ತು. ದರದಿಂದ ಬೆಲೆ ಏರಿಕೆ ತೆಗೆದರೆ ಕಂತಿನಿಂದಲೂ ತೆಗೆಯಬೇಕು. ಅಂದರೆ ಪ್ರತಿ ವರ್ಷದ 16,000ವನ್ನೂ ಇವತ್ತಿನ ಕೊಳ್ಳುವ ಶಕ್ತಿಗೆ ಇಳಿಸಬೇಕು. ಆಗ ಉತ್ತರ ಹೆಚ್ಚುಕಮ್ಮಿ ಮೊದಲಿನದೇ ಬರುತ್ತದೆ. ಒಂದು ಕಡೆ ಮಾತ್ರ ತೆಗೆದರೆ ಲೆಕ್ಕ ಸುಳ್ಳಾಗುತ್ತದೆ. ನಮ್ಮ ಕಂತು ರೂಪಾಯಿಯಲ್ಲಿ ಬದಲಾಗದೆ ನಿಂತಿದೆ, ದರವೂ ರೂಪಾಯಿಯಲ್ಲೇ ಹೇಳುವ ಬ್ಯಾಂಕ್ ದರವಾಗಿರಬೇಕು. ಸರಳವಾದದ್ದು ಅದೇ.

ಅವರದೇ ಹಾಳೆಯಲ್ಲಿ ಇನ್ನೊಂದು ಸಣ್ಣ ತೊಡಕೂ ಇತ್ತು. ಎಕ್ಸೆಲ್‌ನ `NPV` ಸೂತ್ರ ತನಗೆ ಕೊಟ್ಟ ಮೊದಲ ಸಂಖ್ಯೆಯನ್ನೂ ಒಂದು ಅವಧಿ ಮುಂದೆ ಬರುವುದು ಅಂತಲೇ ತಿಳಿಯುತ್ತದೆ. ಇವತ್ತೇ ಸಿಗುವ ಇಡಿಗಂಟನ್ನು ಸೂತ್ರದ ಒಳಗೆ ಹಾಕಿದರೆ ಅದನ್ನೂ ಇಳಿಸಿಬಿಡುತ್ತದೆ. ಇವತ್ತಿನದನ್ನು ಹೊರಗೆ ಇಡಬೇಕು:

```
=B1+NPV(8.2%/12,B2:B181)
```

ತಿಂಗಳ ಲೆಕ್ಕದಲ್ಲಿ ಇದರ ವ್ಯತ್ಯಾಸ ಸಣ್ಣದು. ವರ್ಷದ ಲೆಕ್ಕ ಮಾಡುವವರಿಗೆ ಒಂದು ವರ್ಷದ ಬಡ್ಡಿಯಷ್ಟು ತಪ್ಪಾಗುತ್ತದೆ.

ಇಲ್ಲಿಯ ತನಕ ನಾನು 75 ದಾಟಿ ಬದುಕುತ್ತೇನೆ ಅಂತಲೇ ಎಣಿಸಿದ್ದೆ. ನನ್ನ ಹೆಂಡತಿ ಎದುರು ಕೂತಿದ್ದಾಗ ಮುಂದಿನ ಪ್ರಶ್ನೆ ಎತ್ತುವುದು ಕಷ್ಟವಾಯಿತು. ಆದರೆ ಈ ಲೆಕ್ಕದ ಜೀವಾಳ ಇರುವುದು ಅಲ್ಲೇ. ಕಮ್ಯುಟ್ ಮಾಡಿದವರು 15 ವರ್ಷಕ್ಕೆ ಮುಂಚೆ ತೀರಿಕೊಂಡರೆ ಕಡಿತ ಅಲ್ಲಿಗೇ ನಿಂತಿತು. ಉಳಿದ ಕಂತುಗಳನ್ನು ಯಾರೂ ಕಟ್ಟಬೇಕಿಲ್ಲ. ಹೆಂಡತಿಗೆ ಬರುವ ಕುಟುಂಬ ಪಿಂಚಣಿಯಲ್ಲಿ ಒಂದು ರೂಪಾಯಿಯೂ ಕಡಿತ ಆಗುವುದಿಲ್ಲ. ಕೈಗೆ ಬಂದ ಇಡಿಗಂಟು ಮನೆಯವರದ್ದೇ. ಕಮ್ಯುಟ್ ಮಾಡದೇ ಹೋಗಿದ್ದರೆ ನನ್ನ ಪೂರ್ತಿ ಪಿಂಚಣಿ ನನ್ನ ಜೊತೆಗೇ ಮುಗಿದು, ಆಮೇಲೆ ಬರುವುದು ಅದೇ ಕುಟುಂಬ ಪಿಂಚಣಿ.

ಹಾಗಾಗಿ ಮೂರು ಕಾಲಗಳನ್ನು ಇಟ್ಟುಕೊಂಡು ನೋಡಿದೆ, ದರ 8.2%. ಐದು ವರ್ಷಕ್ಕೆ ನಾನು ಹೋದರೆ, ಬಿಟ್ಟುಕೊಟ್ಟ ಕಂತುಗಳ ಇವತ್ತಿನ ಬೆಲೆ 7.85 ಲಕ್ಷ. ಮನೆಗೆ 7.88 ಲಕ್ಷ ಲಾಭ. ಎಂಟು ವರ್ಷಕ್ಕಾದರೆ ಲಾಭ 4.5 ಲಕ್ಷ. 13 ವರ್ಷ 8 ತಿಂಗಳು ದಾಟಿದರೆ ನಷ್ಟ ಶುರು. 15 ವರ್ಷ ಪೂರ್ತಿ ಬದುಕಿದರೆ ಆ ನಷ್ಟ 81,000. ಅದಕ್ಕಿಂತ ಜಾಸ್ತಿ ಆಗುವುದಕ್ಕೆ ಸಾಧ್ಯವೇ ಇಲ್ಲ, 90 ವರ್ಷ ಬದುಕಿದರೂ ಅಷ್ಟೇ, ಯಾಕಂದ್ರೆ ಕಡಿತ 15 ವರ್ಷಕ್ಕೆ ನಿಲ್ಲುತ್ತದೆ. ಒಂದು ಕಡೆ ನಷ್ಟಕ್ಕೆ ಮಿತಿ ಇದೆ, ಅದೂ ನಾನು ಬದುಕಿ ಚೆನ್ನಾಗಿರುವ ಕಾಲದಲ್ಲಿ. ಇನ್ನೊಂದು ಕಡೆ ಲಾಭ ಹಲವು ಲಕ್ಷ, ಅದೂ ಮನೆಯವರಿಗೆ ಹಣದ ಅಗತ್ಯ ಜಾಸ್ತಿ ಇರುವ ಕಾಲದಲ್ಲಿ. 81,000 ನನಗೆ ನಷ್ಟವಾಗಿ ಕಾಣುವುದು ಬಿಟ್ಟು, 15 ವರ್ಷದ ಜೀವವಿಮೆಗೆ ಕಟ್ಟುವ ಪ್ರೀಮಿಯಂ ತರಹ ಕಾಣತೊಡಗಿತು.

ಸಾವಿನ ಸಂಭವವನ್ನು ದರದ ಒಳಗೇ ಸೇರಿಸುವ ಒಂದು ಸುಲಭ ಉಪಾಯವೂ ಇದೆ. ನೂರು ಜನರಲ್ಲಿ ವರ್ಷಕ್ಕೆ ಒಬ್ಬರು ತೀರಿಕೊಳ್ಳುತ್ತಾರೆ ಅಂತ ಇಟ್ಟುಕೊಂಡರೆ, ಪ್ರತಿ ವರ್ಷದ ಕಂತು ಕಟ್ಟುವ ಸಂಭವ ಹೆಚ್ಚುಕಡಿಮೆ 1% ಇಳಿಯುತ್ತಾ ಹೋಗುತ್ತದೆ. ಅಂದರೆ ದರಕ್ಕೆ 1% ಸೇರಿಸಿದ ಹಾಗೇ. 8.2 ಹೋಗಿ 9.2 ಆಗುತ್ತದೆ. ಆಗ ನಿವ್ವಳ ಮೌಲ್ಯ 14,000 ಲಾಭ. ನೂರಕ್ಕೆ ಇಬ್ಬರು ಅಂದುಕೊಂಡರೆ ದರ 10.2%, ಲಾಭ ಒಂದು ಲಕ್ಷ. ಇದು ಒರಟು ಲೆಕ್ಕ. 61ರಲ್ಲಿ ಇರುವ ಸಂಭವವೇ ಬೇರೆ, 74ರಲ್ಲಿ ಇರುವುದೇ ಬೇರೆ. ಆದರೂ ಒಂದು ವಿಷಯ ಸ್ಪಷ್ಟ. ವರ್ಷಕ್ಕೆ ನೂರರಲ್ಲಿ ಒಬ್ಬರಷ್ಟು ಸಂಭವ ಇದ್ದರೂ ಸಾಕು, ಸರ್ಕಾರದ 8.194 ನಮಗೆ ಮೋಸದ ಗುಣಕ ಅಲ್ಲ. ನಮ್ಮ ತಂದೆ 66ಕ್ಕೆ ಹೃದಯದ ಕಾಯಿಲೆಯಿಂದ ಹೋದವರು. ನನಗೂ ಬಿಪಿ ಇದೆ. ನೂರಕ್ಕೆ ಒಬ್ಬರು ಅನ್ನುವುದು ನನ್ನ ವಿಷಯದಲ್ಲಿ ಕಮ್ಮಿ ಅಂದಾಜೇ.

ಇದೇ ವೇಳೆಗೆ ನಮ್ಮ ವಿಭಾಗದ ಮೇಲಧಿಕಾರಿಯೊಬ್ಬರು ಅವರ ಲೆಕ್ಕವನ್ನೂ ನೋಡಿಕೊಡಿ ಅಂದರು. ಅವರಿಗೆ 20% ತೆರಿಗೆ ಬೀಳುತ್ತದೆ. ಸೆಸ್ ಸೇರಿ 20.8%. ನನಗೆ ಪಿಂಚಣಿ, ಡಿಆರ್, ಠೇವಣಿ ಬಡ್ಡಿ ಎಲ್ಲ ಸೇರಿದರೂ ಹೊಸ ಪದ್ಧತಿಯ 12 ಲಕ್ಷದ ಒಳಗೇ ಇರುವುದರಿಂದ ತೆರಿಗೆಯ ಮಾತಿಲ್ಲ. ತೆರಿಗೆ ಕಟ್ಟುವವರಿಗೆ ಚಿತ್ರವೇ ಬೇರೆ. ಸರ್ಕಾರಿ ನೌಕರರಿಗೆ ಕಮ್ಯುಟೇಶನ್ ಇಡಿಗಂಟಿಗೆ ತೆರಿಗೆ ಇಲ್ಲ, ತಿಂಗಳ ಪಿಂಚಣಿಗೆ ಇದೆ. ಹಾಗಾಗಿ ಅವರು ಬಿಟ್ಟುಕೊಡುವ ಪ್ರತಿ 16,000ದಲ್ಲಿ ಅವರ ಕೈ ಸೇರುತ್ತಿದ್ದದ್ದು 12,672 ಮಾತ್ರ. ಠೇವಣಿಯ ಬಡ್ಡಿಗೂ ತೆರಿಗೆ ಇರುವುದರಿಂದ ಅವರ ದರವೂ 8.2ರಿಂದ ಸುಮಾರು 6.5ಕ್ಕೆ ಇಳಿಯಬೇಕು. ಎರಡನ್ನೂ ಇಳಿಸಿ ನೋಡಿದರೆ, 15 ವರ್ಷ ಪೂರ್ತಿ ಬದುಕಿದರೂ ಪ್ರತಿ 16,000ಕ್ಕೆ ಸುಮಾರು 1.18 ಲಕ್ಷ ಲಾಭ ಬರುತ್ತದೆ. ಅವರಿಗೆ ಯೋಚಿಸುವುದಕ್ಕೇ ಏನೂ ಇರಲಿಲ್ಲ.

ನನ್ನ ಮನಸ್ಸನ್ನು ಕೊನೆಯ ತನಕ ಕಾಡಿದ್ದು ದರದ ಭರವಸೆ. 8.2% ಇವತ್ತಿನ ಮಾತು. ಠೇವಣಿ ಇಟ್ಟ ದಿನದ ಬಡ್ಡಿ ಐದು ವರ್ಷ ಬದಲಾಗುವುದಿಲ್ಲ, ಅಷ್ಟೇ. ಆಮೇಲೆ ಮುಂದುವರಿಸಿದರೆ ಆಗಿನ ಬಡ್ಡಿ. ನನ್ನ ಕಡಿತ ಮಾತ್ರ 15 ವರ್ಷವೂ 16,000ಕ್ಕೆ ನಿಂತಿರುತ್ತದೆ. ಬಡ್ಡಿ ಇಳಿಯುತ್ತಾ ಹೋದರೆ 81,000ದ ನಷ್ಟ ದೊಡ್ಡದಾಗುತ್ತದೆ. 15 ವರ್ಷಕ್ಕೂ 7% ಅಂತ ಹಾಕಿದಾಗ ಬಂದ 2 ಲಕ್ಷವನ್ನು ನಾನು ಕೆಟ್ಟ ಕಾಲದ ಅಂದಾಜು ಅಂತ ಇಟ್ಟುಕೊಂಡೆ. ಅದನ್ನೂ ತಡೆದುಕೊಳ್ಳಬಲ್ಲೆವು ಅನ್ನಿಸಿತು.

ಇದೆಲ್ಲ ನಿಲ್ಲುವುದು ಹಣ ನಿಜವಾಗಿ ದುಡಿದರೆ ಮಾತ್ರ. ಇಡಿಗಂಟನ್ನು ಅಂಚೆ ಉಳಿತಾಯ ಖಾತೆಯಲ್ಲಿ 4%ಗೆ ಸುಮ್ಮನೆ ಬಿಟ್ಟರೆ ನಷ್ಟ 5.9 ಲಕ್ಷ. ಪಿಂಚಣಿ ಹಣ ಬಂದು ಬಿದ್ದ ಖಾತೆಯಲ್ಲೇ ವರ್ಷಗಟ್ಟಲೆ ಹಾಗೇ ಇರುವುದನ್ನು ಕೌಂಟರಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಅಂಥವರು ಎಂಟು ವರ್ಷದ ಭಾಗಾಕಾರ ಮಾಡಿ ಬೇಸರ ಪಟ್ಟರೆ, ಅವರ ಮಟ್ಟಿಗೆ ಅದು ಪೂರಾ ಸುಳ್ಳಲ್ಲ. ಮಕ್ಕಳಿಗೆ, ನೆಂಟರಿಗೆ ಕೈಸಾಲ ಕೊಟ್ಟು ಅದು ವಾಪಸ್ ಬರದೇ ಹೋದರೆ ಇನ್ನೂ ಕಷ್ಟ. ಹಾಗಾಗಿ ಅರ್ಜಿ ಕೊಡುವ ಮುಂಚೆಯೇ ನಾವಿಬ್ಬರೂ ಕೂತು ಆ ಹಣ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡಿದೆವು. ಪೂರ್ತಿ 15.73 ಲಕ್ಷ ಹಿರಿಯ ನಾಗರಿಕರ ಖಾತೆಗೆ. ಮೂರು ತಿಂಗಳಿಗೊಮ್ಮೆ ಅದರ ಬಡ್ಡಿ ಸುಮಾರು 32,000 ಬರುತ್ತದೆ, ಅಂದರೆ ತಿಂಗಳಿಗೆ 10,750ರ ಹತ್ತಿರ. ಬಿಟ್ಟ 16,000ಕ್ಕೂ ಇದಕ್ಕೂ ಇರುವ 5,250ರ ಅಂತರವನ್ನು ಮನೆ ಖರ್ಚಿನಲ್ಲಿ ಹೊಂದಿಸಬೇಕು. ಬಡ್ಡಿಯನ್ನು ತಿಂದುಕೊಂಡು ಅಸಲನ್ನು ಮುಟ್ಟದೆ ಇದ್ದರೆ 15 ವರ್ಷದ ಕೊನೆಗೆ ಅಸಲು ಹಾಗೇ ಇರುತ್ತದೆ, ಪಿಂಚಣಿಯೂ ವಾಪಸ್ ಬರುತ್ತದೆ ಅನ್ನುವುದು ನನ್ನ ಹೆಂಡತಿಗೆ ಎನ್‌ಪಿವಿಗಿಂತ ಜಾಸ್ತಿ ಹಿಡಿಸಿತು.

40% ಅಂತಲೇ ಬರೆದೆ. ಅರ್ಜಿಯನ್ನು ನಿವೃತ್ತಿಗೆ ಮುಂಚೆಯೇ ಪಿಂಚಣಿ ಕಾಗದಗಳ ಜೊತೆ ಕೊಟ್ಟೆ. ನಿವೃತ್ತಿಯಾದ ಒಂದು ವರ್ಷದೊಳಗೆ ಕೇಳಿದರೆ ವೈದ್ಯಕೀಯ ಪರೀಕ್ಷೆ ಬೇಕಿಲ್ಲ. ತಡಮಾಡಿದರೆ ಪರೀಕ್ಷೆಯೂ ಬೇಕು, ವಯಸ್ಸು ಏರಿದ ಹಾಗೆ ಗುಣಕವೂ ಇಳಿಯುತ್ತದೆ. ರಾಜ್ಯ ಸರ್ಕಾರದ ನೌಕರರಿಗೆ ಬಿಡಬಹುದಾದ ಪಾಲೂ ಬೇರೆ ಇರಬಹುದು, ಕೋಷ್ಟಕವೂ ಬೇರೆ ಇರಬಹುದು. ಅವರು ತಮ್ಮ ಕೋಷ್ಟಕದ ಗುಣಕವನ್ನೇ ಹಾಕಿ `RATE` ಸೂತ್ರ ಓಡಿಸಬೇಕು. ನನ್ನ 9.05% ಅವರಿಗೆ ಹೊಂದಬೇಕು ಅಂತಿಲ್ಲ.

ಹಣ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ಪಿಂಚಣಿ ಯಾವ ದಿನದಿಂದ ಕಡಿತವಾಯಿತು ಅನ್ನುವುದನ್ನು ಪಿಂಚಣಿ ಪಾವತಿ ಆದೇಶದ, ಅಂದರೆ ಪಿಪಿಒದ, ಪ್ರತಿಯ ಮೇಲೆ ಬರೆದಿಟ್ಟದ್ದು. 15 ವರ್ಷ ಎಣಿಸಬೇಕಾದದ್ದು ಅಲ್ಲಿಂದ. ಪಿಂಚಣಿ ಮತ್ತೆ ಪೂರ್ತಿ ಆಗಬೇಕಾದ ತಿಂಗಳನ್ನೂ ಅದರ ಕೆಳಗೇ ಬರೆದು, ಒಂದು ಪ್ರತಿ ಮಗಳ ಹತ್ತಿರ ಕೊಟ್ಟಿದ್ದೇನೆ. ಆ ತಿಂಗಳು ದಾಟಿಯೂ ಕಡಿತ ಮುಂದುವರಿದರೆ ಬ್ಯಾಂಕಿನಲ್ಲಿ ಕೇಳಬೇಕಾದವಳು ಅವಳು.